ಮುಂದಿನ ಜ್ಯಾಕಿಗೆ ಹೆಡ್‌ಫೋನ್ ಹಚ್ಚಿದ್ರ ಕಂಪ್ಯೂಟರಿಗೆ ಗೊತ್ತ ಆಗವಲ್ದು, ಯಾರಿಗರ ಹಿಂಗ ಆಗಿತ್ತೇನ್ರಿ?

ನವನಗರ ಬಾಗಲಕೋಟಿ: ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಡೆಸ್ಕ್‌ಟಾಪಿನ ಮುಂದಿನ ಹಸಿರು ಜ್ಯಾಕಿಗೆ ಹೆಡ್‌ಫೋನ್ ಹಚ್ಚಿದ್ರ ಏನೂ ಆಗಂಗಿಲ್ಲ, ಸೌಂಡ್ ಸ್ಪೀಕರ್‌ನ್ಯಾಗ ಬರ್ತೈತಿ. ಗುಲಾಬಿ ಜ್ಯಾಕಿನ ಮೈಕೂ ತೋರ್ಸಂಗಿಲ್ಲ. ವಿಂಡೋಸ್ 10. ಹಳೇ ಕ್ಯಾಬಿನೆಟ್‌ನ್ಯಾಗ ಬ್ಯಾರೆ ಮದರ್‌ಬೋರ್ಡ್ ಹಾಕಿಸಿದ್ವಿ, ಅವಾಗಿಂದ ಹಿಂಗ. ಮಗಳ ಆನ್‌ಲೈನ್ ಕ್ಲಾಸ್ ಅದಾವ, ಅನುಭವ ಇದ್ದಾವ್ರು ಹೇಳ್ರಿ.

ಮುಧೋಳ ಹುಡುಗ: ಅಕ್ಕಾರ ಡ್ರೈವರ್ ಪ್ರಾಬ್ಲಮ್ಮೇ ಅದು, ನೂರಕ್ಕ ನೂರ. ರಿಯಲ್‌ಟೆಕ್ ಡ್ರೈವರ್ ತಗದು ಮತ್ತ ಹಾಕ್ರಿ. ಆಮ್ಯಾಲೆ `Realtek HD Audio Manager` ಓಪನ್ ಮಾಡಿದ್ರ ಬಲಗಡೆ ಮ್ಯಾಲ ಹಳದಿ ಫೋಲ್ಡರ್ ಚಿತ್ರ ಇರ್ತೈತಿ, ಅದರಾಗ `Disable front panel jack detection` ಅಂತ ಇರ್ತೈತ್ರಿ, ಟಿಕ್ ಹಾಕಿ ಓಕೆ ಕೊಡ್ರಿ, ಮುಗೀತು. ನಮ್ಮ ಮನ್ಯಾಗ ಹಂಗ ಮಾಡಿದ ಕೂಡ್ಲೇ ಸೌಂಡ್ ಬಂತು, ಇವತ್ತಿಗೂ ನಡದೈತಿ.

ಗೋಳಗುಮ್ಮಟ: ನನಗೂ ಸೇಮ್ ಪ್ರಾಬ್ಲಮ್ ರೀ, ಬ್ಲೂಟೂತ್ ಹೆಡ್‌ಫೋನ್ ಕನೆಕ್ಟ್ ಆಗ್ತೈತಿ ಆದ್ರ ಮೀಟಿಂಗ್‌ನ್ಯಾಗ ಮೈಕ್ ಆನ್ ಮಾಡಿದ್ರ ಸೌಂಡ್ ಪೂರಾ ಡಬ್ಬಿಯೊಳಗಿಂದ ಬಂದಂಗ ಬರ್ತೈತಿ. ಯಾರರ ಹೇಳ್ರಿ.

ಬೆಳಗಾವಿ ರಿಪೇರಿ: ಗುಮ್ಮಟದವರ, ನಿಮ್ಮದು ಬ್ಯಾರೆ ಕಥಿ. ಬ್ಲೂಟೂತಿನ್ಯಾಗ ಮೈಕ್ ಚಾಲೂ ಆದ್ರ ಅದು ಫೋನ್ ಕಾಲಿನ ಮೋಡಿಗೆ ಹೋಗ್ತೈತಿ, ಕ್ವಾಲಿಟಿ ಇಳಿಯೋದು ಅದಕ್ಕ. ಬ್ಯಾರೆ ಮೈಕ್ ಇಟ್ಕೊಂಡ್ರ ಸರಿ ಹೋಗ್ತೈತಿ.

ಈಗ ಅಕ್ಕಾರದು. ಬೋರ್ಡ್ ಬದಲ ಮಾಡಿದ ಮ್ಯಾಲ ಶುರು ಆಗೇತಿ ಅಂದ್ರ ಮೊದಲ ಸೆಟ್ಟಿಂಗ್ಸ್‌ಗೆ ಕೈ ಹಚ್ಚಬ್ಯಾಡ್ರಿ. ಅದೇ ಹೆಡ್‌ಫೋನ್ ತಗದು ಹಿಂದಿನ ಹಸಿರು ಜ್ಯಾಕಿಗೆ ಹಚ್ಚಿ ನೋಡ್ರಿ. ಅಲ್ಲಿ ಚೊಲೋ ಸೌಂಡ್ ಬಂದ್ರ ಬೋರ್ಡಿನ ಸೌಂಡ್ ಚಿಪ್ಪೂ ಸರಿ ಐತಿ, ಹೆಡ್‌ಫೋನೂ ಸರಿ ಐತಿ, ಡ್ರೈವರೂ ಬಹಳ ಮಾಡಿ ಸರಿನ ಐತಿ.

ಆಮ್ಯಾಲೆ ವಿಂಡೋಸ್ ಕೀ ಜೋಡಿ R ಒತ್ತಿ ಇದನ್ನ ಹೊಡೀರಿ:

```
mmsys.cpl
```

`Recording` ಟ್ಯಾಬಿಗೆ ಹೋಗಿ ಖಾಲಿ ಜಾಗಾದಾಗ ರೈಟ್ ಕ್ಲಿಕ್ ಮಾಡಿ `Show Disabled Devices`, `Show Disconnected Devices` ಎರಡಕ್ಕೂ ಟಿಕ್ ಹಾಕ್ರಿ. ಮೈಕಿನ ಸಾಲಿನ ಕೆಳಗ `Not plugged in` ಅಂತ ಇರ್ತೈತಿ. ಅದನ್ನ ನೋಡ್ಕೋತ ಮುಂದಿನ ಗುಲಾಬಿ ಜ್ಯಾಕಿಗೆ ಪ್ಲಗ್ ಹಾಕ್ರಿ, ತಗೀರಿ, ಮತ್ತ ಹಾಕ್ರಿ. ಹೆಡ್‌ಫೋನ್ ಬಿಟ್ಟು ಮೈಕಿನ ಕಡೆ ಯಾಕ ನೋಡೂದು ಅಂದ್ರ, ಎಷ್ಟೋ ಡ್ರೈವರ್‌ನ್ಯಾಗ ಹೆಡ್‌ಫೋನಿಗೆ ಬ್ಯಾರೆ ಸಾಲೇ ಇರಂಗಿಲ್ಲ, ಸ್ಪೀಕರ್ ಸಾಲಿನ್ಯಾಗನ ಮುಗಸ್ತಾವ, ಅಲ್ಲಿ ನೋಡಿದ್ರ ಏನೂ ತಿಳಿಯಂಗಿಲ್ಲ. ಆ ಅಕ್ಷರ ಬದಲಾದ್ರ ಜ್ಯಾಕಿನ ಸುದ್ದಿ ಬೋರ್ಡಿಗೆ ಮುಟ್ಟಾಕತ್ತೈತಿ, ಆಗ ಲೆವೆಲ್ಲು ಪರ್ಮಿಶನ್ನು ನೋಡೂಣು. ಬದಲೇ ಆಗ್ಲಿಲ್ಲ ಅಂದ್ರ ಒಳಗಿನ ಕನೆಕ್ಟರ್ ನೋಡಬೇಕು.

ಮುಧೋಳದ ತಮ್ಮಾ ಹೇಳಿದ ಟಿಕ್ ಸುಳ್ಳಲ್ಲ, ಆದ್ರ ಅದು ಪ್ಲಗ್ ಹಚ್ಚಿದ್ದನ್ನ ನೋಡೂದನ್ನ ಬಿಡಸ್ತೈತಿ ಅಷ್ಟ. ಸೌಂಡ್ ಬರ್ತೈತಿ, ಆದ್ರ ಹೆಡ್‌ಫೋನ್ ಹಚ್ಚಿದ್ರೂ ಸ್ಪೀಕರ್ ತಾನಾಗೇ ಬಂದ್ ಆಗಂಗಿಲ್ಲ. ಮತ್ತ ಈಗಿನ ಬೋರ್ಡಿಗೆ ಬರೋ ಹೊಸಾ `Realtek Audio Console` ನ್ಯಾಗ ಆ ಟಿಕ್ ಬಹಳ ಮಂದಿಗೆ ಸಿಗಂಗಿಲ್ಲ.

ಮುಧೋಳ ಹುಡುಗ: ಸ್ಪೀಕರ್ ಬಂದ್ ಆಗಂಗಿಲ್ಲ ಅನ್ನೋದು ಖರೇರಿ ಕಾಕಾ, ನಾವು ಸ್ಪೀಕರ್ ಬಟನ್ ಕೈಲೇ ಬಂದ್ ಮಾಡ್ತೀವಿ. ಅದು ಹಂಗ ಇರ್ತೈತಿ ಅನ್ಕೊಂಡಿದ್ವಿ.

ಇಂಡಿ ಲ್ಯಾಬ್ ಮಾಸ್ತರ: ನಮ್ಮ ಸಾಲಿ ಲ್ಯಾಬಿನ್ಯಾಗ ಎಲ್ಲಾ ಉಬುಂಟು, ಅಲ್ಲೂ ಇಂಥಾದ್ದ ಬಂದಿತ್ತು, ಮುಂದ ಹೆಡ್‌ಫೋನಿಗೆ ಸದ್ದಿಲ್ಲ, ಹಿಂದ ಮಾತ್ರ ಬರ್ತಿತ್ತು. ನಾವು ಕನೆಕ್ಟರ್ ಎಲ್ಲಾ ಬಿಚ್ಚಿ ನೋಡೇವಿ, ಅದರಾಗ ಏನೂ ಇರಲಿಲ್ಲ. ಟರ್ಮಿನಲ್‌ನ್ಯಾಗ

```
alsamixer -c 0
```

ಅಂತ ಕೊಟ್ರ `Headphone` ಕಂಬದ ಕೆಳಗ `MM` ಅಂತಿತ್ತು, ಅಂದ್ರ ಮ್ಯೂಟ್. ಅದರ ಮ್ಯಾಲ ಹೋಗಿ M ಒತ್ತಿದ್ರ `00` ಆತು, ಸೌಂಡ್ ಬಂತು. ಕೆಲವು ಮಷಿನ್‌ನ್ಯಾಗ ಕಾರ್ಡ್ 0 ಅಂದ್ರ ಮಾನಿಟರಿನ ಎಚ್‌ಡಿಎಂಐ ಇರ್ತೈತಿ, ಆಗ F6 ಒತ್ತಿ ಸರಿ ಕಾರ್ಡ್ ಆರಿಸ್ಕೋಬೇಕು. ವಿಂಡೋಸಿಗೆ ಇದು ಹೊಂದಂಗಿಲ್ಲ ಗೊತ್ತೈತಿ, ಆದ್ರೂ ಯಾರಿಗರ ಬೇಕಾದೀತು ಅಂತ ಬರದೆ.

ನವನಗರ ಬಾಗಲಕೋಟಿ: ಕಾಕಾರ, ನೀವ್ ಹೇಳಿದಂಗ ನೋಡಿದೆ. ಹಿಂದ ಹಚ್ಚಿದ್ರ ಮಸ್ತ್ ಕೇಳ್ತೈತಿ. ಮುಂದ ಎಷ್ಟ್ ಸಲ ಹಾಕಿ ತಗದ್ರೂ `Not plugged in` ಅನ್ನೋದು ಅಲ್ಲಾಡವಲ್ದು. ನನ್ನ ತಮ್ಮ ಬರಾಂವ ಅದಾನ, ಅಂವ ಬಿಚ್ತಾನ. ಒಳಗ ಏನ್ ನೋಡಬೇಕು?

ಬೆಳಗಾವಿ ರಿಪೇರಿ: ಮೊದಲ ಸ್ವಿಚ್ ಬಂದ್ ಮಾಡಿ ಪವರ್ ವೈರ್ ಕಿತ್ತು, ಪವರ್ ಬಟನ್ ಒಂದ್ ಸಲ ಒತ್ತಿ ಬಿಡ್ರಿ, ಉಳಿದ ಕರೆಂಟ್ ಹೋಗ್ತೈತಿ. ಕ್ಯಾಬಿನೆಟ್ಟಿನ ಬರೇ ಕಬ್ಬಿಣ ಮುಟ್ಟಿ ಆಮ್ಯಾಲೆ ಬೋರ್ಡಿಗೆ ಕೈ ಹಾಕಲಿ.

ಮುಂದಿನ ಜ್ಯಾಕಿಂದ ಒಂದು ತೆಳ್ಳನ ವೈರಿನ ಗುಂಪು ಬಂದಿರ್ತೈತಿ. ಅದು ಕೂರೋ ಜಾಗಾ ಬಹಳ ಮಾಡಿ ಬೋರ್ಡಿನ ಕೆಳಗಿನ ಅಂಚಿಗೆ, ಹಿಂದಿನ ಸೌಂಡ್ ಜ್ಯಾಕ್ ಇರೋ ಬದೀಗೆ ಇರ್ತೈತಿ. ಗಿಗಾಬೈಟ್ ಬೋರ್ಡಿನ ಮ್ಯಾಲ F_AUDIO ಅಂತ, ಏಸಸ್ ಮ್ಯಾಲ AAFP ಅಂತ, ಎಂಎಸ್ಐ ಮ್ಯಾಲ JAUD1 ಅಂತ ಸಣ್ಣಗ ಅಚ್ಚು ಹಾಕಿರ್ತಾರ, ಟಾರ್ಚ್ ಹಿಡದು ಓದ್ರಿ. ಎರಡು ಸಾಲು, ಒಟ್ಟ 9 ಪಿನ್, ಒಂದು ಕಡೆಯಿಂದ ಎರಡನೇ ಜಾಗಾ ಖಾಲಿ. ಬಾಜೂಕ ಯುಎಸ್‌ಬಿ ಪಿನ್ನೂ 9ನ ಇರ್ತಾವ, ಆದ್ರ ಅದರ ಖಾಲಿ ಜಾಗಾ ಮೂಲ್ಯಾಗ ಇರ್ತೈತಿ. ಸರಳ ಕೂರ್ಲಿಲ್ಲ ಅಂದ್ರ ಜೋರ ಮಾಡಿ ಒತ್ತಬ್ಯಾಡ್ರಿ, ಪಿನ್ ಬಾಗ್ತಾವ.

ಮುಖ್ಯ ಏನಂದ್ರ, ಹಳೇ ಕ್ಯಾಬಿನೆಟ್ಟಿನ ವೈರಿಗೆ ಎಷ್ಟೋ ಸಲ ಎರಡು ತಲಿ ಇರ್ತಾವ, ಒಂದರ ಮ್ಯಾಲ ಎಚ್‌ಡಿ ಆಡಿಯೋ ಅಂತ, ಇನ್ನೊಂದರ ಮ್ಯಾಲ ಎಸಿ 97 ಅಂತ ಬರದಿರ್ತೈತಿ. ಎರಡೂ ಅದೇ ಪಿನ್ನಿಗೆ ಕೂರ್ತಾವ, ತೊಂದರಿ ಅದ ಇರೋದು. ಎಸಿ 97 ಹಳೇ ಪದ್ಧತಿ, ಅದರಾಗ ಸೌಂಡಿನ ವೈರ್ ಅದಾವ, ಪ್ಲಗ್ ಹಚ್ಚೇತಿ ಅಂತ ತಿಳಿಸೋ ವೈರ್ ಇಲ್ಲ. ಈಗಿನ ಬೋರ್ಡು ಆ ವೈರಿನ ಸುದ್ದಿ ಬರೂತನ ಜ್ಯಾಕಿನ್ಯಾಗ ಏನೂ ಇಲ್ಲ ಅಂತನ ತಿಳ್ಕೊಂಡಿರ್ತೈತಿ. ಅದಕ್ಕ ಎಚ್‌ಡಿ ಆಡಿಯೋ ಅನ್ನೋ ತಲಿನ ಹಚ್ಚಬೇಕು. ಬಯೋಸಿನ್ಯಾಗ `Front Panel Type` ಅಂತ ಇದ್ರ `HD` ಇರ್ಲಿ.

ನವನಗರ ಬಾಗಲಕೋಟಿ: ಕಾಕಾರ ನಿಮ್ಮ ಮಾತ ಖರೇ ಆತು! ತಮ್ಮ ಬಿಚ್ಚಿ ನೋಡಿದಾ, ಎಸಿ 97 ಅಂತ ಬರದಿದ್ದ ತಲಿ ಹಚ್ಚಿದ್ರು, ಎಚ್‌ಡಿ ಆಡಿಯೋದ್ದು ಬ್ಯಾರೆ ವೈರಿನ ಹಿಂದ ಧೂಳದಾಗ ಜೋತಾಡ್ಕೋತ ಇತ್ತು. ಬದಲಿ ಮಾಡಿ ಚಾಲೂ ಮಾಡಿ ಹೆಡ್‌ಫೋನ್ ಹಚ್ಚಿದ್ವಿ, ಯಾವ ಡಿವೈಸ್ ಹಚ್ಚೀರಿ ಅಂತ ರಿಯಲ್‌ಟೆಕ್ಕಿನ ಸಣ್ಣ ಕಿಟಕಿ ಬಂತು, ಸ್ಪೀಕರ್ ತಾನಾಗೇ ಸುಮ್ಮನಾತು. ಆದ್ರ ಗುಲಾಬಿಗೆ ಹಾಕಿ ನೋಡಿದ್ರ ಮೈಕ್ ಇನ್ನೂ `Not plugged in` ಅಂತನ ಐತಿ. ಮಗಳ ಹೆಡ್‌ಸೆಟ್ಟಿಗೆ ಪ್ಲಗ್ ಒಂದ ಐತ್ರಿ, ಮೊಬೈಲಿಂದು ಇರ್ತೈತಲ್ಲ ಹಂಗ.

ತಿಳಕವಾಡಿ ಗೇಮರ್: ಒಂದ ಪ್ಲಗ್ ಅಂದ್ರ ಅದ ಪ್ರಾಬ್ಲಮ್ ರೀ. ಪ್ಲಗ್ಗಿನ ಮ್ಯಾಲ ಕರೀ ಉಂಗುರ ಎಣಸ್ರಿ, ಮೂರು ಇದ್ರ ಸೌಂಡೂ ಮೈಕೂ ಒಂದರಾಗ. ಹಸಿರು ಗುಲಾಬಿ ಬ್ಯಾರೆ ಬ್ಯಾರೆ ಇರೋ ಕ್ಯಾಬಿನೆಟ್‌ನ್ಯಾಗ ಅದರ ಮೈಕ್ ಕೆಲಸ ಮಾಡಂಗಿಲ್ಲ. ಒಂದು ಕಡೆ ಒಂದ ತೂತು, ಇನ್ನೊಂದು ಕಡೆ ಎರಡು ಪ್ಲಗ್ ಇರೋ ಸ್ಪ್ಲಿಟರ್ ಸಿಗ್ತೈತಿ, ಹೆಡ್‌ಫೋನು ಮೈಕು ಅಂತ ಚಿತ್ರ ಇರೋದ ನೋಡಿ ತಗೋರಿ, ಎರಡೂ ಕಡೆ ಹೆಡ್‌ಫೋನ್ ಚಿತ್ರ ಇರೋದು ಬ್ಯಾಡ, ಅದು ಇಬ್ಬರು ಹಾಡ ಕೇಳಾಕ.

ಬೆಳಗಾವಿ ರಿಪೇರಿ: ಸ್ಪ್ಲಿಟರ್ ಬೇಕೇ ಬೇಕು, ಸರಿ ಹೇಳ್ಯಾರ. ಆದ್ರ ಇಲ್ಲಿ ಅದೊಂದ ಅಲ್ಲ. ಜ್ಯಾಕಿನೊಳಗ ಒಂದು ಸಣ್ಣ ಸ್ವಿಚ್ ಇರ್ತೈತಿ, ಅದಕ್ಕ ಉಂಗುರ ಎರಡಿದ್ರೂ ಅಷ್ಟ ಮೂರಿದ್ರೂ ಅಷ್ಟ, ಯಾವ ಪ್ಲಗ್ ಒಳಗ ಹೋದ್ರೂ ಒತ್ತಬೇಕು. ತಪ್ಪ ಪ್ಲಗ್ ಹಾಕಿದ್ರ ದನಿ ಬರಂಗಿಲ್ಲ, ಆದ್ರ `Not plugged in` ಅನ್ನೋದು ಹೋಗಬೇಕಿತ್ತು. ಹೋಗಿಲ್ಲ ಅಂದ್ರ ಆ ಸ್ವಿಚ್ಚೋ ಅದರ ವೈರೋ ಕೆಟ್ಟೈತಿ.

ತಮ್ಮನ ಹಂತ್ಯಾಕ ಮಲ್ಟಿಮೀಟರ್ ಇದ್ರ ನೋಡಾಕ ಬರ್ತೈತಿ. ಕಂಪ್ಯೂಟರ್ ಬಂದ್ ಮಾಡಿ, ಎಚ್‌ಡಿ ತಲಿ ಬೋರ್ಡಿಂದ ಕಿತ್ತು ಕೈಯಾಗ ಹಿಡೀರಿ. ಅದರಾಗ ಒಂದು ತೂತು ಮುಚ್ಚಿರ್ತೈತಿ. ಅದರ ಎದುರಿಗೆ, ಇನ್ನೊಂದು ಸಾಲಿನ್ಯಾಗ ಇರೋದು 7ನೇದು, ಸುದ್ದಿ ಕಳಸೋ ವೈರು. ಮುಚ್ಚಿದ ತೂತಿನ ಸಾಲಿನ್ಯಾಗನ ಅದರ ಆ ಕಡೆ ಈ ಕಡೆ ಎರಡು ಅದಾವ: ತುದೀಗೆ ಇರೋದು 10ನೇದು ಹೆಡ್‌ಫೋನಿಂದು, ಒಳಗಡೆ ಇರೋದು 6ನೇದು ಮೈಕಿಂದು. ತೂತಿನ್ಯಾಗ ಗುಂಡಸೂಜಿ ಇಟ್ಟು ಮೀಟರಿನ ಬೀಪ್ ಮೋಡಿನ್ಯಾಗ 7ಕ್ಕೂ 10ಕ್ಕೂ ಹಿಡೀರಿ, ಹಸಿರು ಜ್ಯಾಕಿಗೆ ಪ್ಲಗ್ ಹಾಕಿದ್ರ ಬೀಪ್ ಅನ್ನಬೇಕು, ತಗದ್ರ ನಿಲ್ಲಬೇಕು. ಹಂಗ 7ಕ್ಕೂ 6ಕ್ಕೂ ಹಿಡದು ಗುಲಾಬಿ ನೋಡ್ರಿ.

ಇಂಡಿ ಲ್ಯಾಬ್ ಮಾಸ್ತರ: ಇದನ್ನ ಬರಕೊಂಡೆ ರೀ. ಲ್ಯಾಬಿನ್ಯಾಗ ಇಂಥಾವು ನಾಕೈದು ಬಿದ್ದಾವ.

ನವನಗರ ಬಾಗಲಕೋಟಿ: ನೋಡಿದ್ವಿ ಕಾಕಾರ. ಹಸಿರಿಗೆ ಸರಿ ಬೀಪ್ ಬರ್ತೈತಿ. ಗುಲಾಬಿಗೆ ಸರಳ ಹಾಕಿದ್ರ ಇಲ್ಲ, ಪ್ಲಗ್ ಒಂದ್ ಬದೀಗೆ ಒತ್ತಿ ಹಿಡದ್ರ ಬೀಪ್ ಅಂತೈತಿ, ಕೈ ಬಿಟ್ರ ನಿಲ್ತೈತಿ. ಸ್ಪ್ಲಿಟರ್ ತಂದ್ವಿ, ಹಂಗ ಒತ್ತಿ ಹಿಡಕೊಂಡ್ರ ಮೈಕ್ ಬರ್ತೈತಿ!

ತಿಳಕವಾಡಿ ಗೇಮರ್: ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೀರಿ, ಪ್ಲಗ್ ಹಾಕಿ ತಗದು ಮಾಡ್ರಿ, ನನ್ನ ಹಳೇ ಕ್ಯಾಬಿನೆಟ್ ಅದರಿಂದನ ಸರಿ ಆತು.

ಬೆಳಗಾವಿ ರಿಪೇರಿ: ಧೂಳ ಕುಂತಿದ್ರ ಸ್ಪ್ರೇಕ ಸರಿ ಹೋಗ್ತೈತಿ. ಆದ್ರ ಬದೀಗೆ ಒತ್ತಿದ್ರ ಬರ್ತೈತಿ ಅಂದ್ರ ಒಳಗಿನ ಪತ್ರಿ ಸಡಲ ಆಗೇತಿ, ಇಲ್ಲಾ ಜ್ಯಾಕಿನ ಹಿಂದಿನ ಬೆಸಿಗಿ ಬಿಟ್ಟೈತಿ ಅಂತ ನನಗನಸ್ತೈತಿ. ಬೆಸಿಗಿ ಆದ್ರ ಮತ್ತ ಕೂಡಸಬಹುದು, ಪತ್ರಿ ಆದ್ರ ಜ್ಯಾಕ್ ಬದಲಿ. ಅಲ್ಲೀತನಕ ಸ್ಪ್ಲಿಟರಿನ ಮೈಕ್ ವೈರ್ ಒಂದನ್ನ ಹಿಂದಿನ ಗುಲಾಬಿಗೆ ಹಚ್ರಿ, ಮುಟ್ಟದಿದ್ರ ಎಕ್ಸ್‌ಟೆನ್ಶನ್ ವೈರ್ ಹಾಕ್ರಿ. ಹಿಂದ ಹಚ್ಚಿದಾಗ ಸಾಲು `Ready` ತೋರ್ಸಿಯೂ ದನಿ ಪಟ್ಟಿ ಏಳದಿದ್ರ ಆಗ ಸೆಟ್ಟಿಂಗ್ಸಿಗೆ ಹೋಗಿ `Privacy`, `Microphone` ನ್ಯಾಗ `Allow desktop apps to access your microphone` ಆನ್ ಐತಿಲ್ಲ ನೋಡ್ರಿ.

ಮುಧೋಳ ಹುಡುಗ: ಕಾಕಾ ಈಗ ನಮ್ಮದೂ ಬಿಚ್ಚಿ ನೋಡಿದೆ, ತಲಿ ಒಂದ ಐತಿ, ಅದರ ಮ್ಯಾಲ ಎಸಿ 97 ಅಂತನ ಐತಿ, ಎಚ್‌ಡಿದು ಇಲ್ಲೇ ಇಲ್ಲ. ಇದಕ್ಕ ಏನರ ಉಪಾಯ ಐತೇನು?

ಬೆಳಗಾವಿ ರಿಪೇರಿ: ಇಲ್ಲ ತಮ್ಮಾ, ತಿಳಿಸೋ ವೈರೇ ಇಲ್ದ ಜ್ಯಾಕಿಗೆ ನೀ ಹಾಕಿದ ಟಿಕ್ಕೇ ಸರಿ. ಅದನ್ನ ತಗೀಬ್ಯಾಡ.