ಕಚ್ಚುವ ಚಪ್ಪಲಿ ಮತ್ತು ನಮ್ಮ ಅಜ್ಜಿಮನೆ ಗುಂಪು

ತಂಗಿಯ ಮದುವೆಗೆ ಇನ್ನೂ 16 ದಿನ ಇತ್ತು. ಬೆಳಿಗ್ಗೆ ಏಳಕ್ಕೆ ತುಮಕೂರು ಅತ್ತೆ ನಮ್ಮ 'ಅಜ್ಜಿಮನೆ' ಗುಂಪಿಗೆ ಒಂದು ವಿಡಿಯೊ ಹಾಕಿದರು. ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಗಂಟು ಹಾಕಿ, ಹೊಸ ಶೂ ಒಳಗೆ ತುರುಕಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಡಬೇಕಂತೆ. ನೀರು ಗಡ್ಡೆ ಕಟ್ಟುವಾಗ ಹಿಗ್ಗುತ್ತೆ, ಅದರ ಜೊತೆ ಶೂ ಕೂಡ ಹಿಗ್ಗುತ್ತೆ, ಬೆಳಿಗ್ಗೆ ಹಾಕಿಕೊಂಡರೆ ಕಾಲಿಗೆ ಸಲೀಸಾಗಿ ಕೂರುತ್ತೆ ಅಂತ.

ತುಮಕೂರು ಅತ್ತೆ: ಮದುಮಗಳು ಇದನ್ನ ನೋಡಬೇಕು. ರಿಸೆಪ್ಷನ್ ಚಪ್ಪಲಿ ಕಚ್ಚುತ್ತೆ ಅಂತ ಮೊನ್ನೆ ಫೋನಲ್ಲಿ ಅಳ್ತಾ ಇದ್ದಳು.

ತಂಗಿ: ಅಳಲಿಲ್ಲ ಅತ್ತೆ. ಹೇಳಿದೆ ಅಷ್ಟೆ.

ಮೈಸೂರು ದೊಡ್ಡಪ್ಪ: ಹಾಲು, ಮೊಸರು ಇಡುವ ಜಾಗದಲ್ಲಿ ಚಪ್ಪಲಿಯಾ? ದೇವರ ನೈವೇದ್ಯದ ತುಪ್ಪವೂ ಅಲ್ಲೇ ಇರುತ್ತೆ. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟುತ್ತಿರಲಿಲ್ಲ.

ಪುಣೆ ಅಣ್ಣ: ಈ ವಿಡಿಯೊ ಮಾಡಿದ್ದು ಯಾರು? ನಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದಾರಾ? ಕಾಲುಚೀಲದಲ್ಲಿ ಈರುಳ್ಳಿ ಇಟ್ಟುಕೊಂಡರೆ ಜ್ವರ ಹೋಗುತ್ತೆ ಅಂತ ಕಳಿಸಿದ್ದೂ ಅತ್ತೆಯೇ.

ತುಮಕೂರು ಅತ್ತೆ: ಎಲ್ಲದಕ್ಕೂ ಪುರಾವೆ ಕೇಳ್ತೀಯಲ್ಲ, ನಿನ್ನ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ನನ್ನ ಚಪ್ಪಲಿ ಕಳೆದಾಗ ನೀನು ಏನಾದರೂ ಕೇಳಿದೆಯಾ? ಬರಿಗಾಲಲ್ಲಿ ಬಸ್ ಹತ್ತಿದೆ ನಾನು.

ಪುಣೆ ಅಣ್ಣ: ಅತ್ತೆ, ನಾನಾಗ ಮಂಟಪದಲ್ಲಿ ಕೂತಿದ್ದೆ.

ಅಲ್ಲಿಗೆ ವಿಡಿಯೊ ಕಥೆ ಮುಗಿಯಿತು. ಆಮೇಲೆ ಬಂದ ನಲವತ್ತು ಮೆಸೇಜು ಆ ಚಪ್ಪಲಿ ಕಳೆದ ದಿನದ್ದೇ. ಯಾರು ಹಾಕಿಕೊಂಡು ಹೋದರು, ಯಾರು ಹುಡುಕಲಿಲ್ಲ, ಯಾರು ನಕ್ಕರು. ಸಾಗರದ ಚಿಕ್ಕಿ ನಡುವೆ ಬಂದು ತಮ್ಮ ಕಾಲದ ಚಪ್ಪರದ ಮದುವೆ ನೆನೆಸಿಕೊಂಡರು. ಸಗಣಿ ಸಾರಿಸಿದ ಅಂಗಳ, ಮದುಮಗಳಿಂದ ಹಿಡಿದು ಬಡಿಸುವವರವರೆಗೆ ಎಲ್ಲರೂ ಬರಿಗಾಲು. ಹೊಸ ಚಪ್ಪಲಿ ಅಂತ ಇದ್ದಿದ್ದು ಕಾಶಿಯಾತ್ರೆಗೆ ಹೊರಟ ಮದುಮಗನಿಗೆ ಮಾತ್ರ. ಅವನೂ ಹತ್ತು ಹೆಜ್ಜೆ ನಡೆದು ವಾಪಸ್ ಬರುತ್ತಿದ್ದ. ಚಿಕ್ಕಿ ಹೇಳಿದ್ದು ಚೆನ್ನಾಗಿತ್ತು. ಆದರೆ ನನ್ನ ತಂಗಿ ರಿಸೆಪ್ಷನ್ನಿನಲ್ಲಿ ಸಂಜೆ ಆರೂವರೆಯಿಂದ ಹತ್ತೂವರೆವರೆಗೆ ವೇದಿಕೆ ಮೇಲೆ ನಿಲ್ಲಬೇಕು. ಮುಹೂರ್ತ ಮರುದಿನ. ಅಲ್ಲಿ ಹೇಗೂ ಬರಿಗಾಲು. ಕಷ್ಟ ಇದ್ದಿದ್ದು ಆ ನಾಲ್ಕು ಗಂಟೆಯದ್ದು.

ಇದರ ಮಧ್ಯೆ ಹಾವೇರಿ ಮಾವ ಒಂದು ಮೆಸೇಜು ಹಾಕಿದ್ದರು. ಮಾವ ಬಸ್ ಸ್ಟ್ಯಾಂಡಿನ ಹತ್ತಿರ 22 ವರ್ಷ ಚಪ್ಪಲಿ ಅಂಗಡಿ ನಡೆಸಿದವರು. ಅವರ ಮೆಸೇಜಿಗೆ ಒಬ್ಬರೂ ಉತ್ತರ ಕೊಡಲಿಲ್ಲ. ನನಗೆ ಅದು ಕಂಡಿದ್ದೇ ಮಧ್ಯಾಹ್ನ, ಊಟ ಆದ ಮೇಲೆ ಕೂತು ಎಲ್ಲ ಓದುವಾಗ.

ಹಾವೇರಿ ಮಾವ: ನೀರು ಗಡ್ಡೆ ಕಟ್ಟಿದರೆ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತೆ, ಅದು ನಿಜ. ಆದರೆ ಒತ್ತೋಕೆ ಅದಕ್ಕೆ ಸುತ್ತ ಗೋಡೆ ಬೇಕು. ಮುಚ್ಚಿದ ಶೂನಲ್ಲಿ ಗೋಡೆ ಇದೆ. ನಮ್ಮ ಹುಡುಗಿಯದ್ದು ಪಟ್ಟಿ ಸ್ಯಾಂಡಲ್. ಪಟ್ಟಿ ಸಂದಿಯಿಂದ ಕವರು ಆಚೆ ಉಬ್ಬುತ್ತೆ ಅಷ್ಟೆ. ಇನ್ನೊಂದು, ಅದು ರೆಕ್ಸಿನ್ನು. ಚರ್ಮ ಹಿಗ್ಗಿದರೆ ಹಾಗೇ ನಿಲ್ಲುತ್ತೆ, ರೆಕ್ಸಿನ್ನು ಬಹಳ ಮಟ್ಟಿಗೆ ಮೊದಲಿನ ಅಳತೆಗೇ ಬರುತ್ತೆ. ತಂಪಿಗೆ, ತೇವಕ್ಕೆ ಅಂಟು ಬಿಟ್ಟರೆ ಮದುವೆ ದಿನ ಅಟ್ಟೆ ಕೈಗೆ ಬರುತ್ತೆ. ಮೊದಲು ಎಲ್ಲಿ ಕಚ್ಚುತ್ತೆ ಅಂತ ಹೇಳಿ.

ಬೆಳಗಿನಿಂದ ಯಾರೂ ಕೇಳದ ಪ್ರಶ್ನೆ ಇದು. ನಾನು ಅವರಿಗೆ ಫೋನ್ ಮಾಡಿದೆ.

ಮಾವ ಒಂದು ಪರೀಕ್ಷೆ ಹೇಳಿದರು. ಸಂಜೆ ಆರರ ಮೇಲೆ ಹಾಕಿಸು, ಬೆಳಿಗ್ಗೆ ಬೇಡ, ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತೆ, ಮದುವೆ ದಿನವೂ ಹಾಗೇ ಇರುತ್ತೆ ಅಂದರು. ಹಿಮ್ಮಡಿ ಕೂರುವ ಕಡೆ ಅದರ ಹಿಂದೆ ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆ. ಆಮೇಲೆ ನಡೆಸಬೇಡ, ಸುಮ್ನೆ ನಿಲ್ಲಿಸು. ಅಂಗಡಿಯಲ್ಲಿ ಎಲ್ಲರೂ ನಾಲ್ಕು ಹೆಜ್ಜೆ ನಡೆದು ಸರಿ ಅಂತಾರೆ. ನಡೆಯುವಾಗ ಭಾರ ಆ ಕಾಲಿಗೆ ಈ ಕಾಲಿಗೆ ಹೋಗ್ತಾ ಇರುತ್ತೆ, ನಿಂತರೆ ಒಂದೇ ಕಡೆ ಕೂರುತ್ತೆ.

ಅವತ್ತು ಸಂಜೆ ತಂಗಿಯನ್ನ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಚಪ್ಪಲಿ ಒಳಗೆ ತರಬೇಕಲ್ಲ ಅಂತ ಅಡಿ ಒರೆಸಿಯೇ ತಂದೆ, ದೊಡ್ಡಪ್ಪನ ಮಾತು ನೆನಪಿತ್ತು. ಹೀಲು 3 ಇಂಚು. ಅಗಲದ ಹೀಲು, ಚೂಪಿನದಲ್ಲ. ಇಪ್ಪತ್ತು ನಿಮಿಷಕ್ಕೆ ಬೆರಳಿನ ಬುಡದ ಕೆಳಗೆ ಉರಿ ಅಂದಳು. ನಲವತ್ತು ನಿಮಿಷಕ್ಕೆ ಕೂತು ನೋಡಿದೆವು. ಹಿಮ್ಮಡಿ ಗೆರೆಯಿಂದ ಒಂದು ಕಿರುಬೆರಳಿನ ಅಗಲದಷ್ಟು ಮುಂದೆ ಹೋಗಿತ್ತು. ಬೆರಳ ತುದಿಗಳು ಸ್ಯಾಂಡಲಿನ ಅಂಚು ದಾಟಿದ್ದವು. ಹಿಂದಿನ ಪಟ್ಟಿ ಹಗ್ಗದ ಹಾಗೆ ಬಿಗಿದು ಹಿಮ್ಮಡಿ ಮೇಲೆ ಕೆಂಪು ಗೆರೆ ಬಿದ್ದಿತ್ತು.

ಫೋಟೊ ನೋಡಿ ಮಾವ ಹೇಳಿದ್ದನ್ನ ಕೇಳಿ ನನಗೆ ಆಶ್ಚರ್ಯವಾಯಿತು. ಚಪ್ಪಲಿ ಬಿಗಿ ಇಲ್ಲ, ಮುಂದೆ ಸಡಿಲ ಇದೆ ಅಂದರು. ಹೀಲು ಅಂದರೆ ಇಳಿಜಾರು. ಮುಂದಿನ ಪಟ್ಟಿ ಸಡಿಲ ಇದ್ದರೆ ಪಾದ ಜಾರಿ ಮುಂದೆ ಹೋಗುತ್ತೆ, ಆಗ ಹಿಂದಿನ ಪಟ್ಟಿ ಎಳೆದು ಹಿಮ್ಮಡಿಯನ್ನ ಕೊರೆಯುತ್ತೆ. ಕಚ್ಚೋದು ಹಿಂದೆ, ತಪ್ಪು ಮುಂದೆ. ಇದನ್ನ ಹಿಗ್ಗಿಸಿದ್ದರೆ ಇನ್ನೂ ಜಾರಿ ಇನ್ನೂ ಜಾಸ್ತಿ ಕಚ್ಚುತ್ತಿತ್ತು.

ನಾನು ಇದನ್ನ ಗುಂಪಿನಲ್ಲಿ ಹಾಕಿದೆ. ಎರಡು ನಿಮಿಷಕ್ಕೆ ಉತ್ತರ ಬಂತು.

ಬೆಳಗಾವಿ ಭಾವ: ಈ ಹೀಲೆಲ್ಲ ಯಾಕೆ? ಅಥಣಿ ಚಪ್ಪಲಿ ತಗೊಳ್ಳಿ, ಜೀವನಪೂರ್ತಿ ಬರುತ್ತೆ.

ಪುಣೆ ಅಣ್ಣ: ಕೊಲ್ಲಾಪುರಿ ಅಂತೀರಾ? ಅದು ಮಹಾರಾಷ್ಟ್ರದ್ದು.

ಬೆಳಗಾವಿ ಭಾವ: ಅಥಣಿಯದ್ದೂ ಕೊಲ್ಲಾಪುರಿಯೇ. ಯಾವ ಊರಿನದ್ದು ಅಂತ ಹೇಳುವ ಜಿಐ ಗುರುತನ್ನ 2019ರಲ್ಲಿ ಅದಕ್ಕೆ ಕೊಟ್ಟಿದ್ದು ಎಂಟು ಜಿಲ್ಲೆಗೆ. ನಾಲ್ಕು ಅವರದ್ದು, ನಾಲ್ಕು ನಮ್ಮದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಈಗ ನೀನು ಪುರಾವೆ ಕೊಡು.

ಹಾವೇರಿ ಮಾವ: ಮದುಮಗನ ಪಂಚೆಗೆ ಅಥಣಿ ಚಪ್ಪಲಿ ಚೆಂದ, ತಗೊಳ್ಳಿ. ಅದು ಪೂರ್ತಿ ಚರ್ಮ, ದಿನಾ ಹಾಕಿದರೆ ಪಾದದ ಆಕಾರಕ್ಕೆ ಬರುತ್ತೆ. ಆದರೆ ಇವತ್ತೇ ತಗೊಳ್ಳಿ, ಮದುವೆ ಹಿಂದಿನ ದಿನ ಬೇಡ. ಹೊಸದರಲ್ಲಿ ಅದರ ಉಂಗುಟವೂ ಕಚ್ಚುತ್ತೆ.

ಮೈಸೂರು ದೊಡ್ಡಪ್ಪ: ಹೆಣ್ಣುಮಗಳಿಗೂ ಹೀಲಿಲ್ಲದ್ದೇ ಸಾಕು. ಎತ್ತರ ಗುಣದಲ್ಲಿರಬೇಕು.

ಪಾಪ, ದೊಡ್ಡಪ್ಪ ಪ್ರೀತಿಯಿಂದಲೇ ಹೇಳಿದರು. ಆದರೆ ತಂಗಿಯ ಲೆಹಂಗಾದ ಅಂಚು ಆ 3 ಇಂಚಿನ ಅಳತೆಗೇ ಹೊಲಿದಾಗಿತ್ತು. ಸೀರೆಯಾದರೆ ಉಡುವಾಗ ಸರಿಮಾಡಬಹುದು, ಹೊಲಿದ ಬಟ್ಟೆಗೆ ಆಗಲ್ಲ. ಚಪ್ಪಟೆ ಚಪ್ಪಲಿ ಹಾಕಿದರೆ ಅಂಚು ನೆಲದಲ್ಲಿ ಎಳೆದು ಅವಳೇ ತುಳಿದು ಮುಗ್ಗರಿಸುತ್ತಿದ್ದಳು. ಹಾಗಾಗಿ ಇದೇ ಜೋಡಿಯನ್ನ ಸರಿಮಾಡಬೇಕಿತ್ತು.

ಮಾರ್ಕೆಟ್ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ ತೆಗೆದುಕೊಂಡು ಹೋದೆವು. ಮುಂದಿನ ಪಟ್ಟಿಯ ಒಳಬದಿಗೆ ತೆಳುವಾದ ಸ್ಪಾಂಜಿನ ಪಟ್ಟಿ ಅಂಟಿಸಿದರು, ಸಡಿಲ ಹೋಯಿತು. ಬೆರಳಿನ ಬುಡ ಕೂರುವ ಜಾಗಕ್ಕೆ ಜೆಲ್ ಪ್ಯಾಡ್ ಹಾಕಿಸಿದೆವು. ಅದು ಉರಿಯನ್ನೂ ಕಡಿಮೆ ಮಾಡುತ್ತೆ, ಪಾದ ಜಾರದ ಹಾಗೆ ಹಿಡಿದೂ ಇಡುತ್ತೆ. ನಾನು ದಪ್ಪ ಸ್ಪಾಂಜಿನ ಪ್ಯಾಡ್ ಕೇಳಿದ್ದೆ. ಅಜ್ಜ ಅದನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಗುಳಿ ಹಾಗೇ ನಿಂತಿತು. "ಇದು ಅರ್ಧ ಗಂಟೆಗೆ ಚಪಾತಿ ಆಗತ್ತಮ್ಮ. ಪಾದ ಮೇಲೆ ಎತ್ತಿ ಪಟ್ಟಿಯನ್ನೂ ಬಿಗಿ ಮಾಡತ್ತೆ" ಅಂದರು. ಹೊಸ ಅಟ್ಟೆ ಗ್ರಾನೈಟ್ ಮೇಲೆ ಜಾರುತ್ತೆ ಅಂತ ಉಜ್ಜುಕಾಗದದಲ್ಲಿ ಅಡಿಯನ್ನ ನಾಲ್ಕು ಸಲ ತಿಕ್ಕಿಯೂ ಕೊಟ್ಟರು.

ಆಮೇಲಿನದ್ದೆಲ್ಲ ತಂಗಿಯ ಕೆಲಸ. ಮೊದಲ ಎರಡು ಸಂಜೆ 20 ನಿಮಿಷ ಹಾಕಿಕೊಂಡಳು. ಆಮೇಲೆ ದಿನಕ್ಕೆ ಹತ್ತು ನಿಮಿಷ ಹೆಚ್ಚು. ತರಕಾರಿ ಹೆಚ್ಚುವಾಗ, ಫೋನಲ್ಲಿ ಮಾತಾಡುವಾಗ ನಿಂತೇ ಇರುತ್ತಿದ್ದಳು. ರೆಕ್ಸಿನ್ನು ಹಿಗ್ಗಲ್ಲ, ಆದರೆ ಬಾಗುವ ಕಡೆ ಮೆತ್ತಗಾಗುತ್ತೆ, ಪಾದಕ್ಕೂ ರೂಢಿಯಾಗುತ್ತೆ. ಐದನೇ ದಿನ ಕಿರುಬೆರಳ ಪಕ್ಕ ಕೆಂಪಾಯಿತು. ಮರುದಿನ ಹಾಕಲಿಲ್ಲ. ಅಲ್ಲಿಂದ ಮುಂದೆ ಹಾಕುವ ಮೊದಲೇ ಆ ಜಾಗಕ್ಕೆ ಬಟ್ಟೆಯ ಟೇಪ್. ಬೊಬ್ಬೆ ಎದ್ದ ಮೇಲೆ ಟೇಪ್ ಹಾಕಿ ಪ್ರಯೋಜನ ಇಲ್ಲ, ಕೆಂಪಾಗುವ ಜಾಗ ಮೊದಲೇ ಗೊತ್ತಾಗೋಕೇ ಈ ದಿನಗಳು ಬೇಕು. ಮದುವೆಗೆ ಮೂರು ದಿನ ಇದ್ದಾಗ ಒಂದೂವರೆ ಗಂಟೆ ನಿಂತಳು. ಹಿಮ್ಮಡಿ ಗೆರೆ ಬಿಟ್ಟು ಕದಲಿರಲಿಲ್ಲ.

ರಿಸೆಪ್ಷನ್ ದಿನ ವೇದಿಕೆಯ ಕುರ್ಚಿ ಹಿಂದೆ ಒಂದು ಚೀಲದಲ್ಲಿ ಅವಳ ಹಳೇ ಮನೆ ಚಪ್ಪಲಿ ಇಟ್ಟಿದ್ದೆ. ಸಾಲು ತೆಳ್ಳಗಾದಾಗಲೆಲ್ಲ ಐದು ನಿಮಿಷ ಕೂರಿಸಿದೆ. ಹತ್ತೂವರೆಗೆ ಊಟಕ್ಕೆ ಇಳಿಯುವಾಗ ಲೆಹಂಗಾ ಎತ್ತಿ ಹಿಡಿದುಕೊಂಡು ಮನೆ ಚಪ್ಪಲಿಯಲ್ಲೇ ನಡೆದಳು. ರಾತ್ರಿ ಟೇಪ್ ಬಿಚ್ಚಿ ನೋಡಿದೆ. ಬೆರಳಿನ ಬುಡ ಬಿಸಿ ಇತ್ತು, ನೋವೂ ಸ್ವಲ್ಪ ಇತ್ತು. ಮೂರಿಂಚಿನ ಮೇಲೆ ನಾಲ್ಕು ಗಂಟೆ ನಿಂತರೆ ಅಷ್ಟು ಆಗಿಯೇ ಆಗುತ್ತೆ. ಬೊಬ್ಬೆ ಒಂದೂ ಇರಲಿಲ್ಲ. ಬೆಳಿಗ್ಗೆ ಮಂಟಪಕ್ಕೆ ಬರಿಗಾಲಲ್ಲಿ ಕುಂಟದೆ ಬಂದಳು.

ಫೋಟೊ ಎಲ್ಲ ಗುಂಪಿಗೆ ಹಾಕಿದ ಮೇಲೆ ಸಂಜೆ ಅತ್ತೆಯಿಂದ ಒಂದು ಮೆಸೇಜು ಬಂತು.

ತುಮಕೂರು ಅತ್ತೆ: ಹಾವೇರಿ ಅಣ್ಣ, ನನ್ನದೂ ಒಂದು ಜೋಡಿ ಇದೆ. ಮೊಮ್ಮಗನ ನಾಮಕರಣಕ್ಕೆ ತಗೊಂಡಿದ್ದು, ಹಾಕೋಕೇ ಆಗ್ತಾ ಇಲ್ಲ.

ಹಾವೇರಿ ಮಾವ: ಎಲ್ಲಿ ಕಚ್ಚುತ್ತೆ? ಸಂಜೆ ಹಾಕಿ ನಿಂತು ಒಂದು ಫೋಟೊ ಕಳಿಸಮ್ಮ.

ಪುಣೆ ಅಣ್ಣ: ಅತ್ತೆ, ಅವತ್ತು ಕಳೆದ ಚಪ್ಪಲಿಯ ಅಳತೆ ಎಷ್ಟು ಹೇಳಿ. ನಾನು ಬರುವಾಗ ಒಂದು ಜೋಡಿ ತರ್ತೀನಿ.