ವಿಷಯ: "ಆರಂಭಿಕ ಸಾರ್ವಜನಿಕ ಕೊಡುಗೆ", "ಸಾರ್ವಜನಿಕ ಕಂಪನಿ": ಈ ವಾಕ್ಯ ಸರಿಯೇ?

ವೀಣಾ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಪತ್ರಿಕೆಯೊಂದಕ್ಕೆ ಬಂದ ಲೇಖನ ತಿದ್ದುತ್ತಿದ್ದೇನೆ. ಅದರಲ್ಲಿ ಈ ವಾಕ್ಯವಿದೆ:

"ಬೆಂಗಳೂರಿನ ಸ್ವಿಗ್ಗಿ 2024ರ ನವೆಂಬರಿನಲ್ಲಿ ಆರಂಭಿಕ ಸಾರ್ವಜನಿಕ ಕೊಡುಗೆಯ ಮೂಲಕ 11,327 ಕೋಟಿ ರೂಪಾಯಿ ಬಂಡವಾಳ ಸಂಗ್ರಹಿಸಿ ಸಾರ್ವಜನಿಕ ಕಂಪನಿಯಾಯಿತು."

ನನಗೆ ಎರಡು ಅನುಮಾನ. ದುಡ್ಡು ತೆಗೆದುಕೊಂಡು ಮಾರುವುದನ್ನು "ಕೊಡುಗೆ" ಅಂದರೆ ಹೇಗೆ? ಇನ್ನೊಂದು, "ಸಾರ್ವಜನಿಕ ಕಂಪನಿ" ಅಂದರೆ ಓದುವವರು ಬಿಎಚ್ಇಎಲ್, ಎಚ್ಎಎಲ್ ತರಹ ಸರ್ಕಾರದ್ದು ಅಂದುಕೊಳ್ಳುವುದಿಲ್ಲವೇ?

ಶ್ರೀಪಾದ, ಶಿರಸಿ:

ವೀಣಾ ಅವರೇ, "ಕೊಡುಗೆ" ಈಗ ಅಂಗಡಿಯವರ ಮಾತು. ದೀಪಾವಳಿ ಕೊಡುಗೆ, ಹಬ್ಬದ ಕೊಡುಗೆ ಅಂತ ಬೋರ್ಡು ಹಾಕುತ್ತಾರಲ್ಲ, ಯಾರಾದರೂ ಪುಕ್ಕಟೆ ಕೊಡುತ್ತಾರೆಯೇ? ಇರಲಿ ಬಿಡಿ. ಉಳಿದ ವಾಕ್ಯ ಸರಿಯಾಗಿಯೇ ಇದೆ. ಕಂಪನಿ ತನ್ನ ಷೇರು ಮಾರುತ್ತದೆ, ಜನರ ಹಣ ಕಂಪನಿಗೆ ಬರುತ್ತದೆ, ಅಂದಿನಿಂದ ಜನ ಅದರ ಒಡೆಯರು. ಅದಕ್ಕೇ ಸಾರ್ವಜನಿಕ.

ಮಹೇಶ್, ಬೆಂಗಳೂರು:

ನಾನು ಕಂಪನಿ ಸೆಕ್ರೆಟರಿ ಕೆಲಸದಲ್ಲಿರುವವನು. ಪದಕ್ಕಿಂತ ಮೊದಲು ವಾಕ್ಯದ ಲೆಕ್ಕ ಸರಿಮಾಡಬೇಕು.

ಸ್ವಿಗ್ಗಿ ಷೇರು ಮಾರಿದ್ದು 390 ರೂಪಾಯಿಗೆ. ಮಾರಾಟವಾದ ಷೇರುಗಳು ಸುಮಾರು 29 ಕೋಟಿ. ಅದರಲ್ಲಿ ಹನ್ನೊಂದೂವರೆ ಕೋಟಿ ಮಾತ್ರ ಕಂಪನಿ ಹೊಸದಾಗಿ ಹೊರಡಿಸಿದ ಷೇರು. ಅದರಿಂದ ಬಂದ 4,499 ಕೋಟಿ ರೂಪಾಯಿ ಕಂಪನಿಯ ಖಾತೆಗೆ ಹೋಯಿತು. ಉಳಿದ ಹದಿನೇಳೂವರೆ ಕೋಟಿ ಷೇರು ಹಳೆಯ ಷೇರುದಾರರ ಕೈಯಲ್ಲಿದ್ದವು. ಅವರು ತಮ್ಮ ಪಾಲು ಮಾರಿ 6,828 ಕೋಟಿ ತಮ್ಮ ಜೇಬಿಗೆ ಹಾಕಿಕೊಂಡರು. ಜಾಸ್ತಿ ಮಾರಿದ್ದು ವಿದೇಶಿ ಹೂಡಿಕೆ ಕಂಪನಿ ಪ್ರೊಸಸ್‌ನ ಅಂಗಸಂಸ್ಥೆ. ಹಾಗಾಗಿ "11,327 ಕೋಟಿ ಸಂಗ್ರಹಿಸಿತು" ತಪ್ಪು. ಅರ್ಧಕ್ಕಿಂತ ಜಾಸ್ತಿ ಹಣ ಕಂಪನಿಯನ್ನು ಮುಟ್ಟಲೇ ಇಲ್ಲ.

ನಿಮ್ಮ ವಾಕ್ಯದ "ಆರಂಭಿಕ ಸಾರ್ವಜನಿಕ ಕೊಡುಗೆ"ಗೇ ಐಪಿಒ ಅನ್ನುವುದು, ಷೇರುಗಳನ್ನು ಮೊದಲ ಸಲ ಜನರಿಗೆ ಮಾರುವುದು. ಒಂದು ರೂಪಾಯಿಯೂ ಕಂಪನಿಯನ್ನು ಮುಟ್ಟದ ಐಪಿಒ ಸಹ ಇದೆ. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾದ್ದು 27,870 ಕೋಟಿಯಷ್ಟಾಯಿತಲ್ಲ, ಅಷ್ಟೂ ಹೋಗಿದ್ದು ಕೊರಿಯಾದ ಮೂಲ ಕಂಪನಿಗೆ. 2022ರ ಎಲ್‌ಐಸಿ ಐಪಿಒ ಹಣವೂ ಎಲ್‌ಐಸಿಗೆ ಬರಲಿಲ್ಲ, ಕೇಂದ್ರ ಸರ್ಕಾರಕ್ಕೆ ಹೋಯಿತು.

ಶ್ರೀಪಾದರ ಮಾತಿನಲ್ಲಿ ಇನ್ನೊಂದು ಕಡೆ ಹಿಂದುಮುಂದಾಗಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ತನ್ನ ಷೇರು ಕೊಳ್ಳಿ ಅಂತ ಜನರನ್ನು ಕರೆಯುವ ಹಾಗೇ ಇಲ್ಲ. ಸದಸ್ಯರು 200 ದಾಟಬಾರದು, ಷೇರು ಕೈಬದಲಾಯಿಸುವುದಕ್ಕೂ ಕಟ್ಟುಪಾಡು. ಆದ್ದರಿಂದ ಮೊದಲು ಪಬ್ಲಿಕ್ ಲಿಮಿಟೆಡ್ ಆಗಬೇಕು, ಆಮೇಲೆ ಐಪಿಒ. ಸ್ವಿಗ್ಗಿ ತನ್ನ ಹೆಸರಿನಿಂದ "ಪ್ರೈವೇಟ್" ತೆಗೆದಿದ್ದು 2024ರ ಏಪ್ರಿಲ್‌ನಲ್ಲೇ. ನವೆಂಬರಿನಲ್ಲಿ ಆಗಿದ್ದು ಷೇರುಪೇಟೆಯಲ್ಲಿ ಲಿಸ್ಟಿಂಗ್, ಅಂದರೆ ಅಲ್ಲಿ ಅದರ ಷೇರಿನ ವ್ಯಾಪಾರ ಶುರುವಾಗಿದ್ದು.

ಶೋಭಾ, ಮೈಸೂರು:

ಐಪಿಒ ವಿಷಯ ಬಂತಲ್ಲ, ನಂದೂ ಒಂದು ಕೇಳಿಬಿಡ್ತೀನಿ. ಮಗ ಹೇಳಿದ ಅಂತ ಒಂದು ಐಪಿಒಗೆ ಅರ್ಜಿ ಹಾಕಿದ್ದೆ. ಖಾತೆಯಲ್ಲಿ ದುಡ್ಡು ಕಾಣಿಸುತ್ತಿತ್ತು, ಆದರೆ ತೆಗೆಯೋಕೆ ಬರಲಿಲ್ಲ. ಆಮೇಲೆ "ಹಂಚಿಕೆಯಾಗಿಲ್ಲ" ಅಂತ ಮೆಸೇಜು. ಹಂಚಿಕೆ ಅಂದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರಬೇಕು ಅಲ್ವಾ? ನಮ್ಮ ಕಡೆ ಪ್ರಸಾದ ಹಂಚೋದು ಹಾಗೇ.

ಮಹೇಶ್:

ಶೋಭಾ ಮೇಡಂ, ದುಡ್ಡು ತಡೆಹಿಡಿದಿರುತ್ತಾರೆ ಅಷ್ಟೇ, ಕಡಿತವಾಗಿರುವುದಿಲ್ಲ. ಷೇರು ಸಿಗದಿದ್ದರೆ ತಡೆ ತೆಗೆಯುತ್ತಾರೆ. ಸ್ವಲ್ಪ ಸ್ವಲ್ಪ ಯಾಕೆ ಬರಲ್ಲ ಅಂದರೆ, ಒಂದು ಲಾಟ್‌ಗಿಂತ ಕಡಿಮೆ ಕೊಡುವ ಹಾಗಿಲ್ಲ. ಸ್ವಿಗ್ಗಿಯಲ್ಲಿ ಲಾಟ್ ಅಂದರೆ 38 ಷೇರು, 14,820 ರೂಪಾಯಿ. ಇರುವ ಲಾಟ್‌ಗಿಂತ ಅರ್ಜಿದಾರರು ಜಾಸ್ತಿಯಾದರೆ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಅದರ ಮೇಲೆ, ಸ್ವಿಗ್ಗಿಯಂತೆ ಇನ್ನೂ ಲಾಭ ಮಾಡದ ಕಂಪನಿಯಾದರೆ ನಮ್ಮಂಥ ಸಣ್ಣವರಿಗೆ ಇಡುವುದೇ ನೂರಕ್ಕೆ ಹತ್ತು ಭಾಗ. ಮುಕ್ಕಾಲು ಭಾಗ ದೊಡ್ಡ ಸಂಸ್ಥೆಗಳಿಗೆ. ನಷ್ಟದ ಕಂಪನಿಗೆ ಬೆಲೆ ಕಟ್ಟುವ ಹೊಣೆ ಅವುಗಳ ಮೇಲಿರಲಿ ಅನ್ನುವುದು ಷೇರುಪೇಟೆಯ ನಿಯಂತ್ರಕ ಸೆಬಿಯ ಲೆಕ್ಕ.

ರಾಮಚಂದ್ರ, ಬಸವನಗುಡಿ:

ನಮ್ಮ ಕಾಲದಲ್ಲಿ "ಪಬ್ಲಿಕ್ ಇಶ್ಯೂ" ಅನ್ನುತ್ತಿದ್ದೆವು. ಬ್ರೋಕರ್ ಹತ್ತಿರ ಫಾರಂ ತಂದು, ಚೆಕ್ ಲಗತ್ತಿಸಿ ಬ್ಯಾಂಕಿಗೆ ಕೊಡುವುದು. ಷೇರು ಬರದಿದ್ದರೆ ಅಂಚೆಯಲ್ಲಿ ರೀಫಂಡ್ ಬರುವ ತನಕ ಕಾಯುವುದು.

ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಬಂತು. 10 ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ. 1992ರ ತನಕ ಮುಖಬೆಲೆಯ ಮೇಲಿನ ಪ್ರೀಮಿಯಂ ಎಷ್ಟಿರಬೇಕು ಅಂತ ದೆಹಲಿಯ ಸರ್ಕಾರಿ ಕಚೇರಿ ಹೇಳುತ್ತಿತ್ತು. ಆ ಕಚೇರಿ ಮುಚ್ಚಿದ ಮೇಲೆ ಕಂಪನಿಗಳು ತಾವೇ ಬೆಲೆ ಇಡುವ ಹಾಗಾಯಿತು. ಆದರೂ ಜನ ಪೂರ್ತಿ ಕೊಳ್ಳಲಿಲ್ಲ. ಸಾಫ್ಟ್‌ವೇರ್ ಅಂದರೆ ಏನು ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಮಾರ್ಗನ್ ಸ್ಟಾನ್ಲಿ ನೂರಕ್ಕೆ 13ರಷ್ಟು ಪಾಲು ಕೊಂಡಿತು. ಜೂನ್‌ನಲ್ಲಿ ಪೇಟೆಗೆ ಬಂದಾಗ 145 ರೂಪಾಯಿ. ಆ ಮೇಲಿನ 50 ರೂಪಾಯಿಯೂ ಕಂಪನಿಗೆ ಹೋಗುವುದಿಲ್ಲ ಅನ್ನುವುದು ಈಗಿನ ಹುಡುಗರಿಗೂ ಹೇಳಬೇಕಾಗುತ್ತದೆ. ಮೊದಲ ಮಾರಾಟ ಮುಗಿದ ಮೇಲೆ ದಿನವೂ ನಡೆಯುವುದು ಷೇರುದಾರರ ನಡುವಿನ ವ್ಯಾಪಾರ.

ಶ್ರೀಪಾದ:

ಮಹೇಶ್, ಕಂಪನಿಗೆ ದುಡ್ಡೇ ಬಾರದಿದ್ದರೆ ಈ ಉಸಾಬರಿ ಯಾಕೆ? ಸುಮ್ನೆ ಪ್ರೈವೇಟ್ ಆಗಿಯೇ ಇರಬಹುದಲ್ಲ.

ಮಹೇಶ್:

ಒಳಗಿದ್ದವರಿಗೆ ಹೊರಬರಲು ಬಾಗಿಲು ಬೇಕು. ಸ್ಟಾರ್ಟಪ್‌ಗೆ ದುಡ್ಡು ಹಾಕುವ ಬಹಳಷ್ಟು ಫಂಡ್‌ಗಳಿಗೆ ಅವಧಿ ಇರುತ್ತದೆ. ಅದು ಮುಗಿಯುವುದರೊಳಗೆ ಷೇರು ಮಾರಿ ತಮಗೆ ದುಡ್ಡು ಕೊಟ್ಟವರಿಗೆ ವಾಪಸ್ ಮಾಡಬೇಕು. ನೌಕರರಿಗೆ ಸಂಬಳದ ಜೊತೆ ಕೊಟ್ಟ ಷೇರುಗಳ ಕಥೆಯೂ ಅದೇ, ಕೊಳ್ಳುವವರಿಲ್ಲದಿದ್ದರೆ ಅದು ಕಾಗದ. ಹಾಗಂತ ಎಲ್ಲರೂ ಮೊದಲ ದಿನವೇ ಓಡುವಂತಿಲ್ಲ. ಐಪಿಒದಲ್ಲಿ ಮಾರದೆ ಉಳಿಸಿಕೊಂಡ ಹಳೆಯ ಹೂಡಿಕೆದಾರರ ಷೇರಿಗೆ ಸಾಮಾನ್ಯವಾಗಿ ಆರು ತಿಂಗಳು ಬೀಗ. ಬೀಗ ತೆಗೆಯುವ ಹೊತ್ತಿಗೆ ಬೆಲೆ ಕುಸಿಯುವುದುಂಟು.

ಬದಲಿಗೆ ಕಂಪನಿ ತೆರುವುದು ಗುಟ್ಟನ್ನು. ಮೂರು ತಿಂಗಳಿಗೊಮ್ಮೆ, ಅದೂ 45 ದಿನದೊಳಗೆ, ಲಾಭನಷ್ಟ ಹೊರಗಿಡಬೇಕು. ವರ್ಷದ ಕೊನೆಯದ್ದಕ್ಕೆ 60 ದಿನ. ದೊಡ್ಡ ಒಪ್ಪಂದವಾಗಲಿ, ಮುಖ್ಯಸ್ಥರ ರಾಜೀನಾಮೆಯಾಗಲಿ, ಷೇರುಪೇಟೆಗೆ ತಿಳಿಸಲೇಬೇಕು. ಹೊರಗೆ ಗೊತ್ತಾಗುವ ಮೊದಲೇ ಆ ಸುದ್ದಿ ಹಿಡಿದು ಒಳಗಿನವರು ಷೇರು ಕೊಂಡರೆ ಅಪರಾಧ.

ವೀಣಾ:

ಇಷ್ಟು ಹೊತ್ತು ಕೊಟ್ಟಿದ್ದಕ್ಕೆ ಎಲ್ಲರಿಗೂ ಧನ್ಯವಾದ. "ಕೊಡುಗೆ" ಬಿಟ್ಟು ಐಪಿಒ ಅಂತಲೇ ಇಡುತ್ತೇನೆ. ಹೀಗೆ ತಿದ್ದಿದ್ದೇನೆ:

"ಬೆಂಗಳೂರಿನ ಸ್ವಿಗ್ಗಿಯ ಷೇರುಗಳು 2024ರ ನವೆಂಬರಿನಲ್ಲಿ ಐಪಿಒ ಮೂಲಕ ಷೇರುಪೇಟೆಗೆ ಬಂದವು. 11,327 ಕೋಟಿ ರೂಪಾಯಿಯ ಮಾರಾಟದಲ್ಲಿ 4,499 ಕೋಟಿ ಕಂಪನಿಗೆ ಸಂದರೆ, ಉಳಿದದ್ದು ಪ್ರವರ್ತಕರಿಗೆ ಹೋಯಿತು."

ಮಹೇಶ್:

"ಪ್ರವರ್ತಕರು" ಬೇಡ ಮೇಡಂ. ಕಂಪನಿಯ ಮೇಲೆ ಹಿಡಿತ ಇರುವವರಿಗೆ ಹೇಳುವ ಮಾತು ಅದು. ಸ್ವಿಗ್ಗಿ ತನ್ನ ಐಪಿಒ ಕಾಗದಪತ್ರದಲ್ಲಿ ತನಗೆ ಪ್ರವರ್ತಕರೇ ಇಲ್ಲ ಅಂದಿದೆ. "ಹಳೆಯ ಷೇರುದಾರರು" ಅನ್ನಿ.

ಶ್ರೀಪಾದ:

ಲಿಸ್ಟೆಡ್ ಕಂಪನಿಗೆ "ನೋಂದಾಯಿತ ಕಂಪನಿ" ಅನ್ನಬಹುದಲ್ಲ?

ಮಹೇಶ್:

ಬೇಡ. ಪ್ರೈವೇಟ್ ಕಂಪನಿಯೂ ನೋಂದಣಿ ಆಗಿಯೇ ಇರುತ್ತದೆ. ನಾವು ಆಫೀಸಿನಲ್ಲಿ ಲಿಸ್ಟೆಡ್ ಅಂತಲೇ ಅನ್ನುವುದು.

ರಾಮಚಂದ್ರ:

"ಪೇಟೆಗೆ ಬಂದ ಕಂಪನಿ" ಅಂದರೆ ಏನು ಕಡಿಮೆಯಾಯಿತು?

ಶ್ರೀಪಾದ:

ನನಗೆ ಒಪ್ಪಿಗೆಯಿಲ್ಲ ಸರ್. ಪೇಟೆಗೆ ಬಂದದ್ದು ಷೇರು, ಕಂಪನಿ ಅಲ್ಲ.