ಅಪ್‌ಡೇಟ್: ಹೊಸದೆಂದು ಕೊಟ್ಟ ಐಫೋನ್ 15 ರಿಫರ್ಬಿಶ್ಡ್ ಆಗಿತ್ತು

ನಾನು ಕೇಳಿದ್ದು: "ಅಂಗಡಿಯಲ್ಲಿ ಹೊಸದು ಅಂತ ಐಫೋನ್ 15 ಕೊಟ್ಟರು. ಬಾಕ್ಸ್ ಯಾಕೋ ಅನುಮಾನ. ಫೋಟೋ ನೋಡಿ ಹೇಳ್ತೀರಾ?"

ಹಣ ವಾಪಸ್ ಬಂತು! ಕೇಬಲ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. 15ರ ಜೊತೆ ಬಟ್ಟೆಯಂತೆ ಹೆಣೆದ ಕೇಬಲ್ ಬರಬೇಕು, ನನ್ನದರಲ್ಲಿ ನುಣುಪಾದ ರಬ್ಬರ್ ಕೇಬಲ್ ಇತ್ತು. ಆಮೇಲೆ ಬಾಕ್ಸ್ ಹಿಂಭಾಗದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಹಳೆ ಅಂಟಿನ ಮೇಲೆ ಇನ್ನೊಂದು ಪದರ ಅಂಟು ಕಂಡಿತು. ಸ್ಕ್ರೀನ್ ಮೇಲೆ ಕಂಪನಿಯ ಬಿಳಿ ಕಾಗದದ ಬದಲು ಪ್ಲಾಸ್ಟಿಕ್ ಫಿಲ್ಮ್ ಇತ್ತು. ತೆಗೆದಾಗ ಸ್ಪೀಕರ್ ಜಾಲರಿ ಪಕ್ಕ ಬೆರಳಿಗೆ ಅಂಟು ಹತ್ತಿತು.

ಐಎಂಇಐ ಹೋಲಿಸಿದ್ದು ಉಪಯೋಗವಾಗಲಿಲ್ಲ. ಬಾಕ್ಸ್, ಫೋನ್ ಎರಡೂ ಒಂದೇ ತೋರಿಸಿದವು. ಲೇಬಲ್ ಮತ್ತೆ ಪ್ರಿಂಟ್ ಮಾಡಬಹುದಲ್ವಾ! ಮಾಡೆಲ್ ನಂಬರ್ F ಇಂದ ಶುರುವಾದರೆ ಕಂಪನಿಯೇ ರಿಫರ್ಬಿಶ್ ಮಾಡಿದ್ದು ಅಂತ ಹೇಳಿದ್ದಿರಿ. ನನ್ನದು M. ಹೊರಗಿನವರು ರಿಪೇರಿ ಮಾಡಿದರೆ ಆ ಅಕ್ಷರ ಬದಲಾಗಲ್ಲ ಅಂತ ಆಮೇಲೆ ಗೊತ್ತಾಯ್ತು.

ಕೊನೆಗೆ ಕೆಲಸ ಮಾಡಿದ್ದು ವಾರಂಟಿ ದಿನಾಂಕ. ಅವತ್ತೇ ಆನ್ ಮಾಡಿದ ಫೋನಿಗೆ ಒಂದು ವರ್ಷ ಇರಬೇಕು, ಅಲ್ಲಿ 7 ತಿಂಗಳು ಮಾತ್ರ ಉಳಿದಿತ್ತು. ಸ್ಕ್ರೀನ್‌ಶಾಟ್ ಮತ್ತು ಬಿಲ್ ಮುಂದಿಟ್ಟ ಮೇಲೆ ಅಂಗಡಿಯವರು ಮಾತಾಡಲಿಲ್ಲ.